ಬರೀ `|` ಹಾಕಿದರೆ ಹಳೆಯ ಬಿಟ್ ಅಳಿಸುವುದಿಲ್ಲ

“ಪ್ಯಾಕ್ ಮಾಡಿದ ಸಂಖ್ಯೆಯಲ್ಲಿ ಒಂದು ಫೀಲ್ಡ್ ಬದಲಿಸಬೇಕಾ? ಹೊಸ ಬೆಲೆಯನ್ನು ಶಿಫ್ಟ್ ಮಾಡಿ `|` ಹಾಕಿ, ಅಷ್ಟೇ ಸಾಕು.”

ಸಾಕಾಗುವುದಿಲ್ಲ. `|` ಬಿಟ್‌ಗಳನ್ನು 1 ಮಾಡಬಲ್ಲದು, ಮತ್ತೆ 0 ಮಾಡಲಾರದು.

FAT ಫೈಲ್ ಸಿಸ್ಟಂ ತಾರೀಖನ್ನು 16 ಬಿಟ್‌ನಲ್ಲಿ ಇಡುವ ರೀತಿ ನೋಡಿ. ಕೆಳಗಿನ 5 ಬಿಟ್ ದಿನಕ್ಕೆ, ನಂತರದ 4 ತಿಂಗಳಿಗೆ, ಮೇಲಿನ 7 ವರ್ಷಕ್ಕೆ. ವರ್ಷವನ್ನು 1980ರಿಂದ ಎಣಿಸುತ್ತಾರೆ. ಹಾಗಾಗಿ 2024ರ ಆಗಸ್ಟ್ 15 ಅಂದರೆ:

```c
d = (44 << 9) | (8 << 5) | 15;   // 22799
```

ಈಗ ತಿಂಗಳನ್ನು ಮೇ ಮಾಡೋಣ. ಸುಮ್ನೆ `d |= 5 << 5` ಅಂದರೆ ಹಳೆಯ 1000 ಜೊತೆ 0101 ಸೇರಿ 1101 ಆಗುತ್ತದೆ. ಅಂದರೆ 13ನೇ ತಿಂಗಳು! ಮೊದಲು ಆ ಜಾಗವನ್ನು ಮಾಸ್ಕ್‌ನಿಂದ ಖಾಲಿ ಮಾಡಬೇಕು:

```c
d = (d & ~(0xF << 5)) | ((m & 0xF) << 5);
```

`m` 5 ಇದ್ದರೆ ಉತ್ತರ 22703. ಓದುವಾಗ `(d >> 5) & 0xF` ಸರಿಯಾಗಿ 5 ಕೊಡುತ್ತದೆ.

ಈ ತಪ್ಪು ಬೇಗ ಸಿಕ್ಕಿಬೀಳುವುದಿಲ್ಲ, ಅದೇ ಜಾಸ್ತಿ ತೊಂದರೆ. ಫೀಲ್ಡ್ ಮೊದಲು 0 ಇದ್ದರೆ ಎಲ್ಲಾ ಸರಿ ಕಾಣುತ್ತದೆ. 8ರಿಂದ 9ಕ್ಕೆ ಬದಲಿಸಿದರೂ ಸರಿ ಬರುತ್ತದೆ. ಆದ್ದರಿಂದ ಟೆಸ್ಟ್ ಮಾಡುವಾಗ ಫೀಲ್ಡ್‌ನ ಎಲ್ಲಾ ಬಿಟ್ 1 ಇಟ್ಟು, ಆಮೇಲೆ ಚಿಕ್ಕ ಬೆಲೆ ಬರೆದು ನೋಡಿ.

ಹೊಸ ಬೆಲೆಗೂ ಮಾಸ್ಕ್ ಬೇಕೇ ಬೇಕು. ದಿನದ ಜಾಗಕ್ಕೆ 32 ಬಂದರೆ ಅದರ ಬಿಟ್ ಪಕ್ಕದ ತಿಂಗಳಿಗೆ ನುಗ್ಗುತ್ತದೆ. ಮಾಸ್ಕ್ ಹಾಕಿದರೆ ತಿಂಗಳು ಉಳಿಯುತ್ತದೆ, ಆದರೆ ದಿನ 0 ಆಗುತ್ತದೆ. ಬೆಲೆ ಮಿತಿಯೊಳಗಿದೆಯಾ ಅಂತ ಮೊದಲೇ ಬೇರೆಯಾಗಿ ನೋಡಿಕೊಳ್ಳಿ.