ಹಾಲ್ ತುಂಬಿದ ಮೇಲೆ ಬಂದವರನ್ನು ಬಾಗಿಲಲ್ಲೇ ವಾಪಸ್ ಕಳಿಸಬೇಕೆ?

ಭಾನುವಾರ ಬೆಳಗ್ಗೆ ಒಂದು ಉಚಿತ ಉಪನ್ಯಾಸ. ಜಾಗ ಮೈಸೂರಿನ ಸರಸ್ವತಿಪುರಂ ಕಡೆಯ ಯಾವುದೋ ಹಳೆಯ ಕಟ್ಟಡದ ಮೊದಲ ಮಹಡಿ ಎಂದುಕೊಳ್ಳಿ. ಕುರ್ಚಿ 200. ಹೆಸರು ಬರೆಸಿದವರು 240, ಯಾಕೆಂದರೆ ಫ್ರೀ ಅಂದ ಮೇಲೆ ಹೆಸರು ಕೊಟ್ಟವರೆಲ್ಲ ಬರುವುದಿಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಹತ್ತೂಕಾಲಿಗೆ ಅವರಲ್ಲಿ 170 ಮಂದಿ ಬಂದಿದ್ದಾರೆ. ಹೆಸರು ಬರೆಸದೆ ಸೀದಾ ಬಂದವರು 60. ಒಟ್ಟು 230. ಈಗ ಆ 30 ಜನರನ್ನು ಏನು ಮಾಡೋದು?

ಪರ: ಕಳಿಸಲೇಬೇಕು

ಬಾಗಿಲಲ್ಲಿ ನಿಂತವರಿಗೆ ಈ ಮಾತು ಹೊಸದಲ್ಲ: "ಒಬ್ಬರೇ ಅಲ್ವಾ ಸಾರ್, ನಮ್ಮತ್ತೆ ನಂಜನಗೂಡಿಂದ ಬಸ್ಸಲ್ಲಿ ಬಂದಿದ್ದಾರೆ. ಗೋಡೆ ಪಕ್ಕ ನಿಂತ್ಕೋತಾರೆ ಬಿಡಿ." ಇಲ್ಲ ಅನ್ನೋಕೆ ಬಾಯಿ ಬರುವುದಿಲ್ಲ. ಹಾಗೆ ಒಬ್ಬೊಬ್ಬರಾಗಿಯೇ 30 ಜನ ಒಳಗೆ ಹೋಗುತ್ತಾರೆ.

ಮಿತಿ ಎಲ್ಲಿಂದ ಬಂತು ಅಂತ ನೋಡೋಣ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಎರಡು ಲೆಕ್ಕ ಹಾಕಲು ಹೇಳುತ್ತದೆ. ಒಂದು ನೆಲದ ಲೆಕ್ಕ. ಕುರ್ಚಿ ಹಾಕಿದ ಸಭಾಂಗಣದಲ್ಲಿ ತಲೆಗೆ 0.6 ಚದರ ಮೀಟರ್. ನಮ್ಮ ಹಾಲಿನಲ್ಲಿ ವೇದಿಕೆ ಬಿಟ್ಟು ಉಳಿಯುವುದು ಸುಮಾರು 40 ಅಡಿಗೆ 32 ಅಡಿ, ಅಂದರೆ 120 ಚದರ ಮೀಟರ್. ಅಲ್ಲಿಗೆ 200 ಜನ. ಇನ್ನೊಂದು ಹೊರಗೆ ಹೋಗುವ ದಾರಿಯ ಲೆಕ್ಕ. ಮೆಟ್ಟಿಲಿನ ಅಗಲದಲ್ಲಿ ಒಬ್ಬರಿಗೆ 10 ಮಿಲಿಮೀಟರ್ ಬೇಕು. ಮುಂದಿನ ಮೆಟ್ಟಿಲು ಒಂದೂವರೆ ಮೀಟರ್ ಅಗಲ ಇದ್ದರೆ 150 ಜನ, ಹಿಂದಿನದು ಒಂದು ಮೀಟರ್ ಇದ್ದರೆ 100 ಜನ. ಒಟ್ಟು 250. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಮಿತಿ. ಹಾಗಾಗಿ 200.

ಈಗ ಹಿಂದಿನ ಮೆಟ್ಟಿಲ ಕಡೆ ಹೋಗಿ ನೋಡಿ. ಅಡುಗೆಯವರು ಅಲ್ಲಿ ತಟ್ಟೆಯ ಕ್ರೇಟು, ನೀರಿನ ಕ್ಯಾನು ಪೇರಿಸಿದ್ದಾರೆ. ಪಕ್ಕದಲ್ಲೇ ಗ್ಯಾಸ್ ಸಿಲಿಂಡರು. ಆ ಮೆಟ್ಟಿಲು ಲೆಕ್ಕದಿಂದ ಹೋಯಿತು. ಈಗ ಹಾಲಿನ ನಿಜವಾದ ಮಿತಿ 150. ಕುರ್ಚಿ 200 ಇದ್ದರೂ 150! ಸಂಘಟಕರು ಕುರ್ಚಿ ಎಣಿಸುತ್ತಾರೆ, ಮೆಟ್ಟಿಲು ಎಣಿಸುವುದಿಲ್ಲ. ನನ್ನ ದೊಡ್ಡ ತಕರಾರು ಇದೇ.

30 ಜನ ಜಾಸ್ತಿಯಾದರೆ ಉಸಿರುಕಟ್ಟಿ ಯಾರೂ ಸಾಯುವುದಿಲ್ಲ, ನಿಜ. ಆದರೆ ಅವರು ನಿಲ್ಲುವುದು ಎಲ್ಲಿ? ಕುರ್ಚಿ ಸಾಲಿನ ನಡುವಿನ ಓಣಿಯಲ್ಲಿ, ಹಿಂದಿನ ಬಾಗಿಲಿಗೆ ಬೆನ್ನು ಕೊಟ್ಟು, ಬೆಂಕಿ ಆರಿಸುವ ಸಿಲಿಂಡರಿನ ಮುಂದೆ. ಹೋಗುವ ದಾರಿಯನ್ನೇ ಅವರು ತುಂಬುತ್ತಾರೆ. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು 59 ಜನ ಸತ್ತರು. ಬೆಂಕಿ ಹತ್ತಿದ್ದು ನೆಲಮಹಡಿಯ ಟ್ರಾನ್ಸ್‌ಫಾರ್ಮರಿನಲ್ಲಿ, ಕೊಂದದ್ದು ಬಾಲ್ಕನಿಗೆ ಏರಿದ ಹೊಗೆ. ಅಲ್ಲಿ ಹೆಚ್ಚುವರಿ ಸೀಟು ಹಾಕಲು ಬಲಗಡೆಯ ಓಣಿಯನ್ನು ಮುಚ್ಚಿದ್ದರು. ದೆಹಲಿವರೆಗೆ ಯಾಕೆ, ನಮ್ಮ ಊರಿನ ಪ್ರೀಮಿಯರ್ ಸ್ಟುಡಿಯೋದಲ್ಲೇ 1989ರ ಫೆಬ್ರವರಿ 8ರಂದು ಟಿವಿ ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿದ್ದು 62 ಜನ ಹೋದರು. ಆಗಿನ ಮೈಸೂರಿನವರನ್ನು ಕೇಳಿ ನೋಡಿ.

ಎಣಿಸುವುದು ಕಷ್ಟದ ಕೆಲಸವೇನಲ್ಲ. ಬಾಗಿಲಲ್ಲಿ 200 ಟೋಕನ್ ಇಡಿ. ಒಳಗೆ ಹೋಗುವವರಿಗೆ ಒಂದು ಕೊಡಿ, ಹೊರಗೆ ಬಂದವರಿಂದ ವಾಪಸ್ ತಗೊಳ್ಳಿ. ಡಬ್ಬಿ ಖಾಲಿಯಾದರೆ ಹಾಲ್ ತುಂಬಿದೆ. ಮುಖ್ಯ ಅತಿಥಿಗಳ ಭಾವಮೈದ ಬಂದರೂ ಡಬ್ಬಿ ಖಾಲಿಯೇ. ಟೋಕನ್ ಇದ್ದರೆ ವಾದಕ್ಕೆ ಜಾಗ ಇರುವುದಿಲ್ಲ. ಇಲ್ಲ ಅನ್ನುವುದು ಡಬ್ಬಿ, ಅಲ್ಲಿ ನಿಂತ ಹುಡುಗ ಅಲ್ಲ.

ವಿರೋಧ: ಬಾಗಿಲಲ್ಲಿ ಬೇಡ

ಲೆಕ್ಕ ಸರಿಯಾಗಿದೆ. ಅದರ ಬಗ್ಗೆ ನನ್ನದೇನೂ ಜಗಳ ಇಲ್ಲ. ಆದರೆ ಟೋಕನ್ ಡಬ್ಬಿ ಇಟ್ಟಿರುವುದು ಎಲ್ಲಿ? ಮೊದಲ ಮಹಡಿಯಲ್ಲಿ, ಹಾಲಿನ ಬಾಗಿಲಲ್ಲಿ. ಡಬ್ಬಿ ಖಾಲಿಯಾಯಿತು, 30 ಜನರಿಗೆ ಇಲ್ಲ ಅಂದಿರಿ. ಅವರು ಮನೆಗೆ ಹೋಗುತ್ತಾರಾ? ಇಲ್ಲ. ಮೆಟ್ಟಿಲ ಮೇಲೆ ನಿಂತು ಕಾಯುತ್ತಾರೆ. ಯಾರಾದರೂ ಎದ್ದು ಬಂದರೆ ಒಳಗೆ ಹೋಗಬಹುದು ಅಂತ. ಫೋನ್ ಮಾಡಿ ಒಳಗಿರುವ ಪರಿಚಯದವರನ್ನು ಕರೆಯುತ್ತಾರೆ. ಅವರ ಹಿಂದೆ ಇನ್ನೂ ಹತ್ತು ಜನ ಹತ್ತಿ ಬರುತ್ತಾರೆ. 150 ಜನ ಇಳಿಯಬೇಕಾದ ಮೆಟ್ಟಿಲೇ ಈಗ ತುಂಬಿದೆ. ಹಾಲಿನ ಓಣಿಯನ್ನು ಉಳಿಸಲು ಹೋಗಿ ಅದಕ್ಕಿಂತ ಇಕ್ಕಟ್ಟಾದ ಜಾಗವನ್ನು ಕಟ್ಟಿಹಾಕಿದಂತಾಯಿತು.

ಇನ್ನೊಂದು ಅಪಾಯ ಇದಕ್ಕಿಂತ ಕೆಟ್ಟದು. ತಳ್ಳಾಟ ಜಾಸ್ತಿಯಾದಾಗ ಬಾಗಿಲಲ್ಲಿ ನಿಂತ ಹುಡುಗ ಏನು ಮಾಡುತ್ತಾನೆ? ಒಳಗಿಂದ ಚಿಲಕ ಹಾಕುತ್ತಾನೆ. ಅವನ ಕಣ್ಣಿಗೆ ಅದು ಬರುವ ಬಾಗಿಲು. ಒಳಗಿರುವ 200 ಜನರಿಗೆ ಅದು ಹೋಗುವ ಬಾಗಿಲು. ಬೆಂಕಿ ಬಿದ್ದಾಗ ಜನ ಬಂದ ದಾರಿಯನ್ನೇ ಹುಡುಕುತ್ತಾರೆ, ಹಿಂದಿನ ಬಾಗಿಲು ಹತ್ತಿರವಿದ್ದರೂ.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 11 ಜನ ಸತ್ತರಲ್ಲ, ಅವರು ಸತ್ತದ್ದು ಗೇಟುಗಳ ಬಳಿಯ ನೂಕುನುಗ್ಗಲಿನಲ್ಲಿ. ನಮ್ಮ ಉಪನ್ಯಾಸವೆಲ್ಲಿ, ಆ ಜನಸಾಗರವೆಲ್ಲಿ, ಒಪ್ಪುತ್ತೇನೆ. ಆದರೆ ಮುಂದೆ ನಿಂತವನಿಗೆ ಜಾಗ ಇಲ್ಲ ಅಂತ ಗೊತ್ತಿರುತ್ತದೆ, ಹಿಂದೆ ತಳ್ಳುವವನಿಗೆ ಗೊತ್ತಿರುವುದಿಲ್ಲ. ಇದು 30 ಜನರಲ್ಲೂ ಹಾಗೇ ನಡೆಯುತ್ತದೆ, ಮೆಟ್ಟಿಲ ಮೇಲಂತೂ ಇನ್ನೂ ಬೇಗ.

ಹಾಗಾದರೆ ಏನು ಮಾಡಬೇಕು? ನಾನಾದರೆ ಡಬ್ಬಿಯನ್ನು ಕಾಂಪೌಂಡ್ ಗೇಟಿಗೆ ಇಳಿಸುತ್ತೇನೆ. ಜನ ಸ್ಕೂಟರ್ ನಿಲ್ಲಿಸುವ ಮುಂಚೆಯೇ ಟೋಕನ್ ಸಿಗಬೇಕು ಅಥವಾ ಇಲ್ಲ ಅಂತ ಗೊತ್ತಾಗಬೇಕು. ಅಲ್ಲಿ ಬಯಲಿದೆ, ತಳ್ಳಿದರೂ ಪಕ್ಕಕ್ಕೆ ಸರಿಯಬಹುದು. ಹಾಗಂತ ಅಲ್ಲಿಂದಲೂ ವಾಪಸ್ ಕಳಿಸಬೇಕಿಲ್ಲ. ಕೆಳಗೆ ಊಟದ ಹಾಲ್ ಇದೆ. ಊಟದ ಜಾಗಕ್ಕೆ ಅದೇ ಸಂಹಿತೆ ತಲೆಗೆ 1.5 ಚದರ ಮೀಟರ್ ಕೇಳುತ್ತದೆ. 90 ಚದರ ಮೀಟರ್ ಇದ್ದರೆ 60 ಜನ ಆರಾಮಾಗಿ ಹಿಡಿಯುತ್ತಾರೆ, ಅದೂ ರಸ್ತೆಗೆ ಸಮನಾದ ನೆಲದಲ್ಲಿ. ಮೇಲಿನ ಮೈಕಿನಿಂದ ಒಂದು ವೈರ್ ಇಳಿಸಿ ಸ್ಪೀಕರ್ ಇಟ್ಟರೆ ಮಾತು ಕೇಳಿಸುತ್ತದೆ. ಮುಖ ಕಾಣುವುದಿಲ್ಲ, ಅಷ್ಟೇ. ನಂಜನಗೂಡಿನ ಅತ್ತೆಗೆ ಮೆಟ್ಟಿಲು ಹತ್ತುವುದೂ ತಪ್ಪುತ್ತದೆ.

ಪರವಾಗಿ ಬರೆದವರು ಹೇಳಿದ ಹಿಂದಿನ ಮೆಟ್ಟಿಲಿನ ಕ್ರೇಟುಗಳನ್ನು ಎತ್ತಿಸುವ ಕೆಲಸ ಜನ ಬರುವ ಮುಂಚೆ ಆಗಬೇಕು. ಮೇಲೆ 200 ಜನ ಇರಲಿ, 170 ಇರಲಿ, ಅದು ಆಗಲೇಬೇಕು. ಹೆಚ್ಚುವರಿ ಜನರನ್ನು ಬೈದು ಕಳಿಸಿದರೂ ಆ ಮೆಟ್ಟಿಲು ತೆರವಾಗುವುದಿಲ್ಲ.

ಇನ್ನು ಹೆಸರು ಬರೆಸಿಯೂ ಬಾರದ ಆ 70 ಮಂದಿ. ಅವರಲ್ಲಿ ಕೆಲವರು ಹನ್ನೊಂದಕ್ಕೆ ಬಂದು, ನನ್ನ ಹೆಸರು ಪಟ್ಟಿಯಲ್ಲಿದೆ ಅಂತ ಗಟ್ಟಿಯಾಗಿ ಹೇಳುತ್ತಾರೆ. ಅವರಿಗೂ ಕೆಳಗಿನ ಹಾಲೇ. ಹತ್ತಕ್ಕೆ ಬಾರದಿದ್ದರೆ ಜಾಗ ಬೇರೆಯವರಿಗೆ ಅಂತ ನೋಂದಣಿಯ ಮೆಸೇಜಿನಲ್ಲೇ ಬರೆದಿರಬೇಕು. ಗೇಟಿನಲ್ಲಿ ಕೂತವರು ಉಪನ್ಯಾಸ ಶುರುವಾಯಿತು ಅಂತ ಮೇಲೆ ಬರಬಾರದು. ಕಾಫಿ ವಿರಾಮದಲ್ಲಿ ಎಲ್ಲರೂ ಕೆಳಗಿಳಿದು ಮತ್ತೆ ಹತ್ತುವಾಗ ಕೆಳಗಿನವರೂ ಜೊತೆಗೆ ಮೇಲೆ ಹೋಗಿಬಿಡುತ್ತಾರೆ. ಆ ಹೊತ್ತಿಗೆ ಮೆಟ್ಟಿಲ ಬುಡದಲ್ಲಿ ಟೋಕನ್ ನೋಡಲು ಒಬ್ಬರು ಬೇಕು.