ಒಂಬತ್ತು ದಿರ್ಹಮಿನ ಚಾಕೊಲೇಟು

ಯಾರ ಮನೆಗೆ ಗಲ್ಫಿನಿಂದ ಯಾರು ಬಂದಿದ್ದಾರೆ ಎಂಬುದನ್ನು ನಮ್ಮ ಶಾಲೆಯಲ್ಲಿ ಮೊದಲು ಹೇಳುವುದು ತರಗತಿಯ ಕಸದ ಬುಟ್ಟಿ. ಬಂಗಾರದ ಬಣ್ಣದ ಹಾಳೆ, ಅರಬಿ ಅಕ್ಷರದ ಹೊದಿಕೆ ಕಂಡರೆ ಸಾಕು, ಯಾವುದೋ ಮನೆಯ ಚಿಕ್ಕಪ್ಪನೋ ಮಾವನೋ ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿದು ಸೂಟ್‌ಕೇಸ್ ಬಿಚ್ಚಿದ್ದಾರೆ ಎಂದರ್ಥ. ಪುತ್ತೂರಿನ ಕಡೆಯ ಶಾಲೆಯಲ್ಲಿ ಇಷ್ಟು ವರ್ಷ ಸಮಾಜ ವಿಜ್ಞಾನ ಕಲಿಸಿದವನಿಗೆ ಇಂಥ ಸಾಕ್ಷ್ಯಗಳನ್ನು ಓದಲು ಬರುತ್ತದೆ.

ಶನಿವಾರದ ಕೊನೆಯ ಅವಧಿಯಲ್ಲಿ ಅಧ್ಯಾಪಕರು ಸರದಿಯಂತೆ ಪಾಠಕ್ಕೆ ಹೊರಗಿನ ವಿಷಯವೊಂದನ್ನು ಮಾತನಾಡಬೇಕೆಂಬ ಕ್ರಮ ನಮ್ಮಲ್ಲಿದೆ. ಆ ವಾರ ನನ್ನ ಸರದಿ. ಮಳೆನೀರಿನ ಕೊಯ್ಲಿನ ಬಗ್ಗೆ ನಾಲ್ಕು ಮಾತು ಸಿದ್ಧ ಮಾಡಿಕೊಂಡು ಒಂಬತ್ತನೆಯ ತರಗತಿಗೆ ಹೋದರೆ, ಅಶ್ರಫ್ ಎದ್ದು ಬಂದು ಉದ್ದನೆಯ ಚಾಕೊಲೇಟ್ ಒಂದನ್ನು ಮೇಜಿನ ಮೇಲಿಟ್ಟ. "ಚಿಕ್ಕಪ್ಪ ದುಬೈಯಿಂದ ತಂದದ್ದು ಸರ್." ಅದರ ಬೆನ್ನಿಗೆ ಅಂಗಡಿಯವರು ಅಂಟಿಸಿದ ಚೀಟಿ ಹಾಗೇ ಇತ್ತು: ಒಂಬತ್ತು ದಿರ್ಹಮ್. ಯಾರೋ ಆಗಲೇ ಲೆಕ್ಕ ಹಾಕಿದ್ದರು. ದಿರ್ಹಮಿಗೆ 23 ರೂಪಾಯಿಯಂತೆ 207 ರೂಪಾಯಿ. "ಇದೇ ಚಾಕೊಲೇಟ್ ಮಂಗಳೂರಿನ ಮಾಲ್‌ನಲ್ಲಿ 350 ರೂಪಾಯಿ ಸರ್. ಯಾಕೆ?" ಎಂದು ಕೇಳಿದವಳು ದೀಕ್ಷಾ. ಮಳೆನೀರು ಅಲ್ಲಿಗೇ ಇಂಗಿತು.

ಮಕ್ಕಳ ಸಿಟ್ಟಿಗೆ ಕಾರಣವಿತ್ತು. ದುಬೈಯ ಮರಳಿನಲ್ಲಿ ಕೊಕ್ಕೊ ಬೆಳೆಯುವುದಿಲ್ಲ. ನಮ್ಮ ಮಕ್ಕಳಲ್ಲಿ ಅರ್ಧದಷ್ಟು ಮಂದಿಯ ಮನೆಯ ಅಡಿಕೆ ತೋಟದಲ್ಲಿ ಕೊಕ್ಕೊ ಗಿಡಗಳಿವೆ. ಅಳಿಲು ತಿಂದು ಉಳಿಸಿದ ಕಾಯಿಗಳನ್ನು ಒಡೆದು ಹಸಿ ಬೀಜ ಮಾರುವುದು ಅವರಿಗೆ ರಜೆಯ ಕೆಲಸ. ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊದ ಚಾಕೊಲೇಟ್ ಕಾರ್ಖಾನೆ ಪುತ್ತೂರಿನಲ್ಲೇ 1986ರಿಂದ ಇದೆ. ಬೆಳೆಯುವ ಊರಿನಲ್ಲಿ ದುಬಾರಿ, ಬೆಳೆಯದ ಊರಿನಲ್ಲಿ ಅಗ್ಗ ಎಂದರೆ ಯಾವ ನ್ಯಾಯ?

ನಾನು ಮೊದಲು ಕೇಳಿದ್ದು ಬೇರೆ ಪ್ರಶ್ನೆ. "ಹೊದಿಕೆಯ ಮೇಲೆ ತೂಕ ಎಲ್ಲಿದೆ ನೋಡಿ." ಕಂಪನಿಯೇ ಅಚ್ಚು ಹಾಕಿತ್ತು. "ಬೆಲೆ?" ಅಚ್ಚಿನಲ್ಲಿ ಇರಲಿಲ್ಲ. ಅಂಗಡಿಯವರ ಚೀಟಿ ಮಾತ್ರ. ನಮ್ಮ ಮಕ್ಕಳಿಗೆ ಇದು ಆಶ್ಚರ್ಯ. ಹುಟ್ಟಿದಾಗಿನಿಂದ ಅವರು ಕಂಡ ಪ್ರತಿ ಪೊಟ್ಟಣದ ಮೇಲೂ ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ಎಂದರೆ ಎಂಆರ್‌ಪಿ, ಅಚ್ಚಾಗಿರುತ್ತದೆ. ನಮ್ಮಲ್ಲಿ ಅದು ಕಾನೂನು. ತೂಕ, ತಯಾರಿಕೆಯ ದಿನಾಂಕ, ಬೆಲೆ ಮೂರೂ ಒಟ್ಟಿಗೆ ಇರುವುದನ್ನು ನೋಡಿ ನೋಡಿ, ತೂಕದ ಹಾಗೆ ಬೆಲೆಯೂ ಚಾಕೊಲೇಟಿನ ಒಳಗೇ ಇರುವ ಒಂದು ಗುಣ ಎಂದು ನಾವು ತಿಳಿದುಬಿಟ್ಟಿದ್ದೇವೆ. ಐವತ್ತು ಗ್ರಾಂ ಎಲ್ಲಿಗೆ ಒಯ್ದರೂ ಐವತ್ತು ಗ್ರಾಂ. ಬೆಲೆ ಹಾಗಲ್ಲ. ಅದು ದಾರಿಯಲ್ಲಿ ಮೈಗೆ ಅಂಟುತ್ತಾ ಹೋಗುವ ವಸ್ತು, ಗುಡ್ಡ ಹತ್ತಿ ಇಳಿದವನ ಲುಂಗಿಗೆ ಅಂಟುವ ಹುಲ್ಲಿನ ಮುಳ್ಳಿನಂತೆ.

ಹಾಗಾದರೆ ಅಂಟುವುದು ಎಷ್ಟು? ಬೋರ್ಡಿನ ಮೇಲೆ ಎರಡು ಹಡಗು ಬರೆದೆ. (ನನ್ನ ಹಡಗು ಹಲಸಿನ ಕಾಯಿಯಂತೆ ಕಾಣುತ್ತದೆಂಬ ಅಭಿಪ್ರಾಯ ಹಿಂದಿನ ಬೆಂಚಿನಲ್ಲಿದೆ.) ಯುರೋಪಿನ ಕಾರ್ಖಾನೆಯೊಂದರಿಂದ ಒಂದೇ ಬಗೆಯ ಚಾಕೊಲೇಟ್ ಎರಡೂ ಹಡಗಿನಲ್ಲಿ ಹೊರಟಿತು. ಹಡಗಿನ ಬಾಡಿಗೆ, ವಿಮೆ ಎಲ್ಲ ಸೇರಿ ಬಂದರು ತಲಪುವಾಗ ಒಂದರ ಬೆಲೆ 100 ರೂಪಾಯಿ ಎಂದುಕೊಳ್ಳಿ. ಒಂದು ಹಡಗು ದುಬೈಗೆ, ಇನ್ನೊಂದು ಭಾರತಕ್ಕೆ.

ದುಬೈಯಲ್ಲಿ ಆಮದು ಸುಂಕ ನೂರಕ್ಕೆ ಐದು. 105 ಆಯಿತು. ಅದರ ಮೇಲೆ 2018ರಲ್ಲಿ ಬಂದ ವ್ಯಾಟ್, ಮತ್ತೆ ನೂರಕ್ಕೆ ಐದು. ಒಟ್ಟು 110 ರೂಪಾಯಿ 25 ಪೈಸೆ. ನಮ್ಮಲ್ಲಿ ಚಾಕೊಲೇಟಿಗೆ ಸಾಮಾನ್ಯ ಆಮದು ಸುಂಕ ನೂರಕ್ಕೆ 30. ಸುಂಕದ ಹತ್ತನೆಯ ಒಂದು ಭಾಗ ಸಮಾಜ ಕಲ್ಯಾಣದ ಹೆಸರಿನ ಮೇಲುಸುಂಕ, ಅದು ಮೂರು ರೂಪಾಯಿ. 133 ಆಯಿತು. ಇನ್ನು ಜಿಎಸ್‌ಟಿ. ಅದನ್ನು ನೂರರ ಮೇಲಲ್ಲ, 133ರ ಮೇಲೆ ಹಾಕಬೇಕು. "ಸುಂಕದ ಮೇಲೂ ತೆರಿಗೆಯಾ ಸರ್?" ಎಂದು ಗಣಿತದಲ್ಲಿ ಹುಷಾರಾದ ಹುಡುಗನೊಬ್ಬ ಬಡ್ಡಿಯ ಮೇಲೆ ಬಡ್ಡಿ ಕೇಳಿದವನ ಹಾಗೆ ಕಣ್ಣರಳಿಸಿದ. ಹೌದು, ಸುಂಕದ ಮೇಲೂ. 2025ರ ಸೆಪ್ಟೆಂಬರ್ 22ರವರೆಗೆ ಚಾಕೊಲೇಟಿನ ಜಿಎಸ್‌ಟಿ 18 ಇತ್ತು. ಆ ಲೆಕ್ಕದಲ್ಲಿ 157 ರೂಪಾಯಿಗೆ ಆರು ಪೈಸೆ ಕಡಿಮೆ. ಅಂದಿನಿಂದ ಅದು ಐದಕ್ಕೆ ಇಳಿದಿದೆ. ಈಗ 139 ರೂಪಾಯಿ 65 ಪೈಸೆ. ಸ್ವಿಟ್ಜರ್ಲೆಂಡಿನಿಂದ ಬರುವ ಮಾಲಿಗೆ 2025ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಒಪ್ಪಂದದ ಪ್ರಕಾರ ಆಮದು ಸುಂಕವೂ ಹಂತ ಹಂತವಾಗಿ ಇಳಿಯಲಿದೆ.

ಗಮನಿಸಬೇಕಾದದ್ದು, 110ಕ್ಕೂ 140ಕ್ಕೂ ಇರುವ ಅಂತರದಿಂದ ಮಾತ್ರ 207ಕ್ಕೂ 350ಕ್ಕೂ ಇರುವ ಅಂತರ ಹುಟ್ಟುವುದಿಲ್ಲ. ಉಳಿದದ್ದು ಬಂದರಿನ ಆಚೆಗೆ ಸೇರುತ್ತದೆ. ಕೊಕ್ಕೊ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಯಲ್ಲಿ. ಬಾಯಿಗಿಟ್ಟರೆ ಕರಗುವುದು ಅದಕ್ಕೇ, ಏಪ್ರಿಲಿನ ಲಾರಿಯಲ್ಲಿ ಕರಗುವುದೂ ಅದಕ್ಕೇ. ಆದ್ದರಿಂದ ತಂಪು ಗೋದಾಮು, ತಂಪು ಲಾರಿ ಬೇಕು. ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ ಇರುವ ಚೀಟಿ ಅಂಟಿಸಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ದುಬೈಯ ದೊಡ್ಡ ಅಂಗಡಿಯಲ್ಲಿ ಆ ಚಾಕೊಲೇಟ್ ರಾಶಿ ರಾಶಿಯಾಗಿ ಹೋಗುತ್ತದೆ. ನಮ್ಮಲ್ಲಿ ಅದು ಕಪಾಟಿನ ಮೇಲುಸಾಲಿನಲ್ಲಿ ಅತಿಥಿಗಳಿಗಾಗಿ ಕಾಯುತ್ತಾ ಕೂರುತ್ತದೆ. ಕೆಲವು ಅವಧಿ ಮುಗಿದು ಕಸಕ್ಕೆ ಹೋಗುತ್ತವೆ. ಮಾರಾಟವಾಗದ ಆ ಬಾರ್‌ಗಳ ನಷ್ಟವನ್ನು ಮಾರಾಟವಾದ ಬಾರ್ ಕೊಂಡವನು ಕಟ್ಟಬೇಕು. ಹತ್ತು ಸೌತೆಯಲ್ಲಿ ಮೂರು ಕೊಳೆತರೆ ಸಂತೆಯವಳು ಏಳರ ಕ್ರಯ ಏರಿಸುವುದಿಲ್ಲವೇ? ಹಾಗೆ.

ಕೊಕ್ಕೊ ಕ್ರಯದ ಮಾತನ್ನು ತೋಟದ ಮಕ್ಕಳು ತೆಗೆಯದಿರುತ್ತಾರೆಯೇ? 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಟನ್ನಿಗೆ 12,000 ಡಾಲರ್ ದಾಟಿತ್ತು. ಅದಕ್ಕೆ ಎರಡು ವರ್ಷ ಹಿಂದೆ ಅದು ಎರಡೂವರೆ ಸಾವಿರದ ಆಸುಪಾಸಿನಲ್ಲಿತ್ತು. ಪ್ರಪಂಚದ ಅರ್ಧಕ್ಕಿಂತ ಹೆಚ್ಚು ಕೊಕ್ಕೊ ಬೆಳೆಯುವ ಐವರಿ ಕೋಸ್ಟ್ ಮತ್ತು ಘಾನಾದಲ್ಲಿ ಬೆಳೆ ಕೈಕೊಟ್ಟದ್ದೇ ಕಾರಣ. ಆದರೆ ಆ ಏರಿಕೆ ಎಲ್ಲ ದೇಶದ ಕಾರ್ಖಾನೆಗೂ ತಟ್ಟಿತು. ಚಾಕೊಲೇಟ್ ಒಂದು ವರ್ಷಕ್ಕಿಂತ ಮರುವರ್ಷ ಯಾಕೆ ದುಬಾರಿಯಾಯಿತು ಎಂಬುದಕ್ಕೆ ಅದು ಉತ್ತರವಾದೀತು, ದುಬೈಗಿಂತ ಮಂಗಳೂರಿನಲ್ಲಿ ಯಾಕೆ ದುಬಾರಿ ಎಂಬುದಕ್ಕಲ್ಲ. ಎರಡನ್ನೂ ಬೆರೆಸಬೇಡಿ ಎಂದೆ. ಪರೀಕ್ಷೆಯಲ್ಲಿ ಬೆರೆಸಿಯೇ ಬರೆಯುತ್ತಾರೆಂಬುದು ಬೇರೆ ಮಾತು.

ಇನ್ನೊಂದು ಗಡಿಬಿಡಿ ಹಣದ್ದು. ದಿರ್ಹಮನ್ನು 1997ರಿಂದ ಡಾಲರಿಗೆ ಕಟ್ಟಿಹಾಕಿದ್ದಾರೆ, ಒಂದು ಡಾಲರಿಗೆ 3.6725. ರೂಪಾಯಿಯನ್ನು ಹಾಗೆ ಕಟ್ಟಿಲ್ಲ. 2010ರಲ್ಲಿ ದಿರ್ಹಮಿಗೆ ಸುಮಾರು 12 ರೂಪಾಯಿ ಇತ್ತು. ಅಶ್ರಫನ ಚಿಕ್ಕಪ್ಪ ಆಗ ಒಂಬತ್ತು ದಿರ್ಹಮಿಗೆ ಏನನ್ನಾದರೂ ತಂದಿದ್ದರೆ ನಮ್ಮ ಲೆಕ್ಕದಲ್ಲಿ ಅದು 108 ರೂಪಾಯಿ. ದುಬೈಯ ಅಂಗಡಿಯವನು ಚೀಟಿ ಮುಟ್ಟದೆಯೇ ಈಗ ಅದು 207 ದಾಟಿದೆ.

ಇಷ್ಟು ಹೊತ್ತಿಗೆ ಹಿಂದಿನ ಬೆಂಚಿನಲ್ಲಿ ಕಂಪನಿಯೊಂದು ಸ್ಥಾಪನೆಯಾಗಿತ್ತು. "ಸರ್, ಚಿಕ್ಕಪ್ಪನವರ ಹತ್ತಿರ ಮೂರು ಸೂಟ್‌ಕೇಸ್ ತರಿಸಿ 300ಕ್ಕೆ ಮಾರಿದರೆ?" ಅರ್ಥಶಾಸ್ತ್ರದ ದೊಡ್ಡ ಪುಸ್ತಕಗಳು ಹೇಳುವುದೂ ಇದನ್ನೇ. ಅಗ್ಗದ ಕಡೆ ಕೊಂಡು ದುಬಾರಿ ಕಡೆ ಮಾರುವವರು ಇರುವ ತನಕ ಎರಡೂ ಕಡೆಯ ಬೆಲೆ ಹತ್ತಿರ ಬರುತ್ತಾ ಒಂದಾಗಬೇಕು. ಮನೆಯವರಿಗೆ ಉಡುಗೊರೆ ತಂದರೆ ಒಂದು ಮಿತಿಯವರೆಗೆ ಸುಂಕವಿಲ್ಲ. ಮಾರಲು ತಂದರೆ ಬಜಪೆಯಲ್ಲೇ ಸುಂಕ ಮತ್ತೆ ಎದುರು ನಿಲ್ಲುತ್ತದೆ. ಕಂಪನಿ ಅಲ್ಲಿಗೆ ಮುಚ್ಚಿತು.

ಆದರೆ ಸುಂಕವೇ ಇಲ್ಲದ ಕಡೆ? ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ ಅಕ್ಕಪಕ್ಕದ ದೇಶಗಳು. ಎರಡರಲ್ಲೂ ಯೂರೋ ನಾಣ್ಯ. ನಡುವೆ ಸುಂಕದ ಕಟ್ಟೆ ಇಲ್ಲ. ಲಾರಿ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟ ಆಚೆಯ ದೇಶದಲ್ಲಿ. ನಮ್ಮ ಬಿಸಿಲೂ ಅಲ್ಲಿಲ್ಲ. ಆದರೂ ಒಂದೇ ಕಂಪನಿಯ ಚಾಕೊಲೇಟ್ ಬಾರ್ ಬೆಲ್ಜಿಯಂನಲ್ಲಿ ಹೆಚ್ಚು ಬೆಲೆಗೆ ಮಾರಾಟವಾಗುತ್ತಿತ್ತು. ಸಹಜವಾಗಿ ವ್ಯಾಪಾರಿಗಳು ನೆದರ್ಲೆಂಡ್ಸ್‌ನಲ್ಲಿ ಕೊಂಡು ಬೆಲ್ಜಿಯಂಗೆ ಸಾಗಿಸತೊಡಗಿದರು, ನಮ್ಮ ಹಿಂದಿನ ಬೆಂಚಿನ ಕಂಪನಿಯ ಹಾಗೆ. ಆಗ ತಯಾರಕರಾದ ಮೊಂಡೆಲೀಜ್ ಏನು ಮಾಡಿತು? ಆ ಬಾರ್‌ಗಳನ್ನು ನೆದರ್ಲೆಂಡ್ಸ್‌ಗೆ ಕೊಡುವುದನ್ನೇ ನಿಲ್ಲಿಸಿತು. ಜರ್ಮನಿಯ ಒಬ್ಬ ದಲ್ಲಾಳಿಗೂ ಮಾಲು ಕೊಡಲು ಒಪ್ಪಲಿಲ್ಲ, ಯಾಕೆಂದರೆ ಆತ ಅದನ್ನು ಬೆಲೆ ಹೆಚ್ಚಿರುವ ಆಸ್ಟ್ರಿಯಾ, ಬೆಲ್ಜಿಯಂ, ಬಲ್ಗೇರಿಯಾ, ರೊಮೇನಿಯಾಗಳಿಗೆ ಮಾರಿಬಿಡುತ್ತಾನೆ. ಯುರೋಪಿಯನ್ ಆಯೋಗ ಇದನ್ನು ಪತ್ತೆಹಚ್ಚಿ, ದೇಶದಿಂದ ದೇಶಕ್ಕೆ ವ್ಯಾಪಾರ ತಡೆದ ಇಂಥ ನಡವಳಿಕೆಗಳಿಗಾಗಿ 2024ರ ಮೇ ತಿಂಗಳಲ್ಲಿ ಆ ಕಂಪನಿಗೆ 33.75 ಕೋಟಿ ಯೂರೋ ದಂಡ ಹಾಕಿತು.

ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು. ಅಷ್ಟು ದಂಡವೆಂದರೆ ಎಷ್ಟು ಚಾಕೊಲೇಟ್ ಎಂದು ಲೆಕ್ಕ ಹಾಕುತ್ತಿದ್ದರೇನೋ. ನನಗೆ ಇಡೀ ಕತೆಯಲ್ಲಿ ರುಚಿಸುವುದು ಇದೇ ಭಾಗ. ಸುಂಕ, ಬಿಸಿಲು, ಲಾರಿ, ನಾಣ್ಯ ಎಲ್ಲವನ್ನೂ ಕಳೆದ ಮೇಲೂ ಬೆಲೆ ಒಂದಾಗಲಿಲ್ಲ. ಉಳಿದದ್ದು ಬಹಳ ಹಳೆಯ ಸಂಗತಿ: ಇಲ್ಲಿನವರು ಎಷ್ಟು ಕೊಡಬಲ್ಲರು ಎಂದು ಮಾರುವವನು ಮುಖ ನೋಡಿ ಅಂದಾಜಿಸುವುದು. ಕಾರಿನಲ್ಲಿ ಬಂದವನಿಗೆ ಎಳನೀರಿಗೆ ಐದು ರೂಪಾಯಿ ಹೆಚ್ಚು ಹೇಳುವವನೂ ಅದನ್ನೇ ಮಾಡುತ್ತಾನೆ. ಅವನಿಗಿರುವ ತೊಂದರೆಯೆಂದರೆ ಕಾರಿನವನು ಇಳಿದು ನಡೆದುಕೊಂಡು ಬರಬಹುದು. ಆ ನಡೆದು ಬರುವ ದಾರಿಯನ್ನು ಮುಚ್ಚಿದ್ದಕ್ಕೇ ಯುರೋಪಿನಲ್ಲಿ ದಂಡ ಬಿದ್ದದ್ದು. ಬೇರೆ ಬೇರೆ ಬೆಲೆ ಇಟ್ಟದ್ದಕ್ಕಲ್ಲ.

"ನಮ್ಮ ಹತ್ತು ರೂಪಾಯಿ ಚಾಕೊಲೇಟ್ ಮಾತ್ರ ಯಾವಾಗಲೂ ಹತ್ತೇ ರೂಪಾಯಿ ಸರ್," ಎಂದಳು ದೀಕ್ಷಾ, ದೇಶದ ಮಾನ ಉಳಿಸುವ ದನಿಯಲ್ಲಿ. ಹೌದು, ಹತ್ತರ ನಾಣ್ಯಕ್ಕೆ ಸರಿಹೊಂದಬೇಕಲ್ಲ. ಆದ್ದರಿಂದ ಅಲ್ಲಿ ಬೆಲೆಯ ಬದಲು ತೂಕ ಇಳಿಯುತ್ತದೆ. ಬ್ರಿಟನ್ನಿನಲ್ಲಿ 2016ರಲ್ಲಿ ಬೆಟ್ಟಸಾಲಿನ ಆಕಾರದ ಟೊಬ್ಲರೋನ್ ಚಾಕೊಲೇಟ್ 170 ಗ್ರಾಮಿನಿಂದ 150ಕ್ಕೆ ಇಳಿದಾಗ ಅದರ ಬೆಟ್ಟಗಳ ನಡುವಿನ ಕಣಿವೆಗಳು ಅಗಲವಾಗಿ, ಜನ ಬಾಚಣಿಗೆಯ ಹಲ್ಲು ಉದುರಿದಂತಿದೆ ಎಂದು ನಗುವಂತಾಯಿತು. ನಮ್ಮ ಚಪ್ಪಟೆ ಬಾರ್‌ಗಳಲ್ಲಿ ಹಾಗೆ ಕಣಿವೆ ಕಾಣುವುದಿಲ್ಲ. ಬೆಲೆಯನ್ನು ಗ್ರಾಮಿನಿಂದ ಭಾಗಿಸಿದರೆ ಮಾತ್ರ ಕಾಣುತ್ತದೆ. ಎರಡು ದೇಶದ ಬೆಲೆ ಹೋಲಿಸುವಾಗಲೂ ಮೊದಲು ಮಾಡಬೇಕಾದ ಕೆಲಸ ಅದೇ.

ಗಂಟೆ ಬಾರಿಸಿತು. ಮೇಜಿನ ಮೇಲಿದ್ದ ಸಾಕ್ಷ್ಯವನ್ನು ನಲವತ್ತೆರಡು ಚೂರು ಮಾಡುವ ಹೊಣೆ ಗಣಿತದ ಹುಡುಗನಿಗೆ ಬಿತ್ತು. ನನಗೆ ಬಂದ ಚೂರು ಹೋಮಿಯೋಪಥಿ ಮಾತ್ರೆಗಿಂತ ತುಸು ದೊಡ್ಡದಿತ್ತು.

ಸಂಜೆ ಬಸ್ಸಿಗೆ ಕಾಯುತ್ತಾ ಗೇಟಿನ ಎದುರಿನ ಅಂಗಡಿಯಲ್ಲಿ ನಲವತ್ತು ರೂಪಾಯಿಯದೊಂದು ಚಾಕೊಲೇಟ್ ಕೇಳಿದೆ. ಚೂರು ಆಸೆ ಹುಟ್ಟಿಸಿತ್ತು. ಅಂಗಡಿಯವರು ಫ್ರಿಜ್ಜಿನಿಂದ ತೆಗೆದುಕೊಟ್ಟು, "42 ಕೊಡಿ ಮಾಸ್ಟ್ರೇ," ಎಂದರು. ಎಂಆರ್‌ಪಿ 40 ಅಲ್ಲವೇ ಎಂದರೆ, "ಎರಡು ರೂಪಾಯಿ ತಂಪಿಗೆ. ಕರೆಂಟ್ ಬಿಲ್ ಯಾರು ಕಟ್ಟುವುದು?" ಹಾಗೆ ತೆಗೆದುಕೊಳ್ಳುವಂತಿಲ್ಲವೆಂದು ಕಾನೂನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಿಂದ ದೀಕ್ಷಾಳ ದನಿ ಕೇಳಿಸಿತು.

"ಸರ್, ಈ ಅಂಗಡಿ ಯಾವ ದೇಶದಲ್ಲಿದೆ?"