ಸ್ಪಷ್ಟನೆ: ಹಿಸ್ಟೋಗ್ರಾಮ್ ಗುಡ್ಡ ನಡುವೆಯೇ ಇರಬೇಕಿಲ್ಲ

“ಗುಡ್ಡ ನಡುವೆ ಇದ್ದರೆ ಫೋಟೋ ಸರಿ, ಎಡಕ್ಕಿದ್ದರೆ ಕತ್ತಲು.”

ಇದು ತಪ್ಪು. ಈ ಮೆಸೇಜ್ ಗ್ರೂಪಿಗೆ ಹಾಕಿದವನು ನಾನೇ.

ಹಿಸ್ಟೋಗ್ರಾಮ್ ಅಂದ್ರೆ ಫೋಟೋದ ಬೆಳಕಿನ ಗ್ರಾಫ್, ಸುಮ್ನೆ ಲೆಕ್ಕ: 0 (ಕಪ್ಪು) ಯಿಂದ 255 (ಬಿಳಿ) ವರೆಗೆ ಎಲ್ಲಿ ಎಷ್ಟು ಪಿಕ್ಸೆಲ್ ಇವೆ ಅಂತ. ಪಿಕ್ಸೆಲ್ ಹೆಚ್ಚಿದ್ದ ಕಡೆ ಗ್ರಾಫ್ ಗುಡ್ಡದಂತೆ ಏಳುತ್ತೆ. ಮುಖ ಯಾವುದು, ಪರದೆ ಯಾವುದು ಅಂತ ಅದಕ್ಕೆ ಗೊತ್ತಿಲ್ಲ.

ಕಪ್ಪು ಪರದೆ ಮುಂದೆ ಅಜ್ಜಿಯ ಫೋಟೋ ತೆಗೆದೆ. ದೊಡ್ಡ ಗುಡ್ಡ ಎಡಕ್ಕೆ, ಅದು ಪರದೆ. ಬಲಕ್ಕಿದ್ದ ಪುಟ್ಟ ದಿಬ್ಬವೇ ಮುಖ. ಗುಡ್ಡವನ್ನು ನಡುವೆ ತರಲು ಎಕ್ಸ್‌ಪೋಶರ್ ಏರಿಸಿದೆ. ದಿಬ್ಬ ಗ್ರಾಫಿನ ಬಲಗೋಡೆಗೆ ಅಂಟಿತು, ಹಣೆ ಬೆಳ್ಳಗಾಗಿ ಸುಕ್ಕೆಲ್ಲ ಮಾಯ!

ಹಾಗಾಗಿ ಮುಖದ ದಿಬ್ಬ ನೋಡಿ. ಅದೂ ಎಡಗೋಡೆಗೆ ಒತ್ತಿದ್ದರೆ ಕತ್ತಲು, ಬಲಗೋಡೆಗೆ ಒತ್ತಿದ್ದರೆ ಬೆಳಕು ಜಾಸ್ತಿ. ಎಲ್ಲ ನಡುವೆ ಗುಂಪಾಗಿ ಎರಡು ತುದಿಯೂ ಖಾಲಿಯಿದ್ದರೆ ಫೋಟೋ ಸಪ್ಪೆ. ಆದರೆ ಮಂಜಿನ ಬೆಳಗಿನಂಥ ದೃಶ್ಯದಲ್ಲಿ ಅದು ಸಹಜ.

ಹಳೇ ಮೆಸೇಜ್ ಫಾರ್ವರ್ಡ್ ಮಾಡಬೇಡಿ.